ನಿವೃತ್ತಿಗೆ ಮುಂಚೆ ಎರಡು ಇಮೇಲ್

ತಿಂಗಳ ಕೊನೆಯ ದಿನ ಸಂಜೆ ಐದೂವರೆಗೆ ಬರುವ ಆ ಇಮೇಲ್ ಆಫೀಸಿನಲ್ಲಿ ನಾಲ್ಕು ವರ್ಷ ಕಳೆದವರಿಗೆಲ್ಲ ಗೊತ್ತು. ಮೂವತ್ತು ವರ್ಷ ಹೇಗೆ ಕಳೆದವೋ ತಿಳಿಯಲೇ ಇಲ್ಲ ಎಂದು ಶುರುವಾಗುತ್ತದೆ. ನಡುವೆ ಇಪ್ಪತ್ತು ಹೆಸರುಗಳು ಬರುತ್ತವೆ. ಗೊತ್ತಿದ್ದೋ ಗೊತ್ತಿಲ್ಲದೆಯೋ ಯಾರ ಮನಸ್ಸನ್ನಾದರೂ ನೋಯಿಸಿದ್ದರೆ ಕ್ಷಮಿಸಿ ಎಂಬ ಸಾಲು ಬರುತ್ತದೆ. ಕೊನೆಗೆ ಒಂದು ಮೊಬೈಲ್ ನಂಬರ್. ಬರೆದವರ ಕಣ್ಣು ಒದ್ದೆಯಾಗಿದ್ದದ್ದು ನಿಜ, ಓದುವವರು ಎರಡನೇ ಸಾಲಿಗೇ ಬೆರಳಾಡಿಸಿ ಕೆಳಗೆ ಇಳಿದದ್ದೂ ನಿಜ.

ಭಾಷೆ ಸವೆದದ್ದು ಇಲ್ಲಿ ಸಣ್ಣ ತೊಂದರೆ. ದೊಡ್ಡ ತೊಂದರೆ ಎಂದರೆ ಅದೇ ಇಮೇಲ್ ಪಕ್ಕದ ಮೇಜಿನವರಿಗೂ ಹೋಗಿರುತ್ತದೆ, ಇಪ್ಪತ್ತು ವರ್ಷದಿಂದ ಸರಕು ಕೊಳ್ಳುತ್ತಿರುವ ಗ್ರಾಹಕರಿಗೂ ಹೋಗಿರುತ್ತದೆ. ಇಬ್ಬರಿಗೂ ಬೇಕಾದದ್ದು ಒಂದೇ ಅಲ್ಲ. ಜೊತೆಯಲ್ಲಿ ದುಡಿದವರಿಗೆ ನೀವು ಹೊರಡುವುದು ಆರು ತಿಂಗಳ ಮುಂಚೆಯೇ ಗೊತ್ತು. ಅವರಿಗೆ ಬೇಕಾದದ್ದು ಒಂದು ನೆನಪು. ಗ್ರಾಹಕರ ಪ್ರಶ್ನೆ ಬೇರೆ: ನಾಳೆಯಿಂದ ನನ್ನ ಕೆಲಸಕ್ಕೆ ಯಾರಿಗೆ ಫೋನ್ ಮಾಡಲಿ? ಆ ಪ್ರಶ್ನೆಗೆ ಉತ್ತರವಿಲ್ಲದ ಕಾಗದ ಎಷ್ಟೇ ಹೃದಯತುಂಬಿ ಬರೆದಿದ್ದರೂ ಗ್ರಾಹಕರ ಕೈಯಲ್ಲಿ ಖಾಲಿ ಲಕೋಟೆಯೇ.

ಹಾಗಾಗಿ ಬರೆಯಬೇಕಾದದ್ದು ಎರಡು ಕಾಗದ. ಎರಡರ ಸಮಯವೂ ಬೇರೆ, ದನಿಯೂ ಬೇರೆ. ಒಂದು ಉದಾಹರಣೆ ಕಟ್ಟಿಕೊಂಡು ನೋಡೋಣ.

ಪೀಣ್ಯದಲ್ಲಿ ಏರ್ ಕಂಪ್ರೆಸರ್ ತಯಾರಿಸುವ ಒಂದು ಮಧ್ಯಮ ಗಾತ್ರದ ಕಾರ್ಖಾನೆ ಇದೆ ಎಂದಿಟ್ಟುಕೊಳ್ಳಿ. ಅಲ್ಲಿನ ಸರ್ವಿಸ್ ಮ್ಯಾನೇಜರ್‌ಗೆ 60 ತುಂಬುತ್ತಿದೆ, ಜೂನ್ 30 ಕೊನೆಯ ದಿನ. ಅವರ ಕೈಯಲ್ಲಿ ನಲವತ್ತು ಗ್ರಾಹಕರಿದ್ದಾರೆ. ಗಂಗಾವತಿಯ ಅಕ್ಕಿ ಗಿರಣಿ, ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆ, ದಾವಣಗೆರೆಯ ಒಂದು ಮಿಲ್ಲು, ಹೀಗೆ. ಈ ನಲವತ್ತರಲ್ಲಿ ವರ್ಷದ ಸರ್ವಿಸ್ ಒಪ್ಪಂದ ಇರುವವರು, ಈಗ ಏನಾದರೂ ಕೆಲಸ ಬಾಕಿ ಇರುವವರು ಆರು ಮಂದಿ. ಉಳಿದವರು ಯಾವಾಗಲೋ ಒಮ್ಮೆ ಫೋನ್ ಮಾಡುವವರು.

ಮೊದಲು ಮಾಡಬೇಕಾದ ಕೆಲಸ ಬರೆಯುವುದಲ್ಲ, ಒಂದು ಹಾಳೆ ತೆಗೆದುಕೊಂಡು ಬಾಯಿಮಾತಿನಲ್ಲಿ ಕೊಟ್ಟ ಮಾತುಗಳನ್ನೆಲ್ಲ ಪಟ್ಟಿ ಮಾಡುವುದು. ಹಳಬರು ಹೊರಟುಹೋದ ಮೇಲೆ ಜಗಳ ಹುಟ್ಟುವುದು ಒಪ್ಪಂದದ ಕಾಗದದಿಂದಲ್ಲ. ಅದು ಫೈಲಿನಲ್ಲಿರುತ್ತದೆ, ಯಾರು ಬೇಕಾದರೂ ತೆಗೆದು ನೋಡಬಹುದು. ಜಗಳ ಹುಟ್ಟುವುದು “ಸೀಸನ್ ಶುರುವಾಗೋ ಮುಂಚೆ ಒಂದು ಸಲ ಹುಡುಗರನ್ನ ಕಳಿಸ್ತೀನಿ ಬಿಡಿ ಸಾರ್, ಅದಕ್ಕೇನು ಚಾರ್ಜು” ಎಂದು ಫೋನಿನಲ್ಲಿ ಹೇಳಿದ ಮಾತಿನಿಂದ. ಹೇಳಿದವರು ಮನೆಯಲ್ಲಿ ಪೇಪರ್ ಓದುತ್ತಿರುತ್ತಾರೆ. ಜಾಗಕ್ಕೆ ಬಂದವರು “ಹಾಗೆಲ್ಲ ನಮ್ಮಲ್ಲಿ ಇಲ್ಲ ಸಾರ್” ಎನ್ನುತ್ತಾರೆ. ಅವರು ಹೇಳುವುದೂ ತಪ್ಪಲ್ಲ, ಅವರಿಗೆ ಯಾರೂ ತಿಳಿಸಿಲ್ಲ. ಗ್ರಾಹಕರ ಲೆಕ್ಕದಲ್ಲಿ ಮಾತ್ರ ಕಂಪನಿ ಮಾತಿಗೆ ತಪ್ಪಿತು.

ಆದ್ದರಿಂದ ನಮ್ಮ ಮ್ಯಾನೇಜರ್ ಜೂನ್ ಮೊದಲ ವಾರ ಈ ಪಟ್ಟಿ ಹಿಡಿದು ತಮ್ಮ ಮೇಲಿನವರ ಜೊತೆ, ಜಾಗಕ್ಕೆ ಬರುವವರ ಜೊತೆ ಕೂರಬೇಕು. ಯಾವ ಮಾತು ಉಳಿಯುತ್ತದೆ, ಯಾವುದು ಆಗುವುದಿಲ್ಲ ಎಂದು ಅಲ್ಲಿಯೇ ತೀರ್ಮಾನವಾಗಬೇಕು. ಆಗದ ಮಾತುಗಳನ್ನು ಗ್ರಾಹಕರಿಗೆ ತಾವೇ ಫೋನ್ ಮಾಡಿ ಹೇಳಬೇಕು. ಕಹಿ ಸುದ್ದಿ ಹಳಬರ ಬಾಯಿಂದ ಬಂದರೆ ಗ್ರಾಹಕರು ಸ್ವಲ್ಪ ಗೊಣಗಿ ಸುಮ್ಮನಾಗುತ್ತಾರೆ. ಹೊಸಬರ ಬಾಯಿಂದ ಬಂದರೆ ಅದೇ ಮೊದಲ ಪರಿಚಯವಾಗಿಬಿಡುತ್ತದೆ. ಉಳಿಯುವ ಮಾತುಗಳು ಇಮೇಲ್‌ಗೆ ಹೋಗುತ್ತವೆ.

ಇನ್ನೊಂದು ವಿಷಯ. ಗ್ರಾಹಕರಿಗೆ ಯಾವಾಗ, ಯಾರು ತಿಳಿಸಬೇಕು ಎಂಬುದು ಕಂಪನಿ ಹೇಳಬೇಕಾದ ಮಾತು. ಜಾಗಕ್ಕೆ ಬರುವವರ ಹೆಸರು ನಿಕ್ಕಿಯಾಗುವ ಮುಂಚೆ “ನಾನು ಹೊರಟೆ” ಎಂದು ಮಾತ್ರ ಬರೆದು ಕಳಿಸಿದರೆ ಆ ಖಾಲಿ ಜಾಗದ ವಾಸನೆ ಎದುರಾಳಿ ಕಂಪನಿಯ ಸೇಲ್ಸ್‌ನವರಿಗೆ ಮೊದಲು ಬಡಿಯುತ್ತದೆ. ಹೆಸರು ಸಿಕ್ಕ ಮೇಲೆ ಹೊರಡುವುದಕ್ಕೆ ಎರಡು ಮೂರು ವಾರ ಮುಂಚೆ ಕಳಿಸುವುದು ಸರಿಯಾದ ಹೊತ್ತು. ಆಗ ಗ್ರಾಹಕರು ಏನಾದರೂ ಕೇಳಬೇಕೆಂದರೆ ಉತ್ತರ ಕೊಡಲು ನೀವಿನ್ನೂ ಕುರ್ಚಿಯಲ್ಲಿ ಇರುತ್ತೀರಿ.

ಈಗ ಗಂಗಾವತಿಯ ಗಿರಣಿಗೆ ಹೋಗುವ ಇಮೇಲ್. ಅಲ್ಲಿ ಅಕ್ಕಿಯ ಬಣ್ಣ ನೋಡಿ ಕೆಟ್ಟ ಕಾಳನ್ನು ಗಾಳಿಯಿಂದ ಊದಿ ಬೇರ್ಪಡಿಸುವ ಸಾರ್ಟೆಕ್ಸ್ ಯಂತ್ರವಿದೆ. ಅದಕ್ಕೆ ಬೇಕಾದ ಒಣಗಾಳಿ ಈ ಕಂಪ್ರೆಸರ್ ಮತ್ತು ಡ್ರೈಯರ್‌ನಿಂದ ಬರುತ್ತದೆ. ಗಾಳಿಯಲ್ಲಿ ನೀರಿನ ಪಸೆ ಸೇರಿತೆಂದರೆ ಯಂತ್ರ ತೊಂದರೆ ಕೊಡುತ್ತದೆ. ನವೆಂಬರ್ ಹೊತ್ತಿಗೆ ಹೊಸ ಭತ್ತ ಬರುವಾಗ ಇದು ಸರಿಯಿರಬೇಕು. ಗಿರಣಿ ಮಾಲೀಕರ ತಲೆಯಲ್ಲಿರುವುದು ಇದೇ. ಕಾಗದ ಹೀಗಿರಬಹುದು:

“ವಿಷಯ: ಜೂನ್ 30ಕ್ಕೆ ನನ್ನ ನಿವೃತ್ತಿ, ಜುಲೈ 1ರಿಂದ ನಿಮ್ಮ ಕಂಪ್ರೆಸರ್ ಸರ್ವಿಸ್ ಯಾರದು

ನಮಸ್ಕಾರ ಸಾರ್,

ನನಗೆ 60 ತುಂಬುತ್ತಿದೆ, ಜೂನ್ 30ರಂದು ನಿವೃತ್ತನಾಗುತ್ತಿದ್ದೇನೆ. ಜುಲೈ 1ರಿಂದ ನಿಮ್ಮ ಗಿರಣಿಯ ಸರ್ವಿಸ್ ನೋಡಿಕೊಳ್ಳುವವರನ್ನು ಈ ಮೇಲ್‌ನ ಸಿಸಿಯಲ್ಲಿ ಸೇರಿಸಿದ್ದೇನೆ, ಅವರ ನಂಬರ್ ಕೆಳಗಿದೆ. ಕಳೆದ ದೀಪಾವಳಿ ಹೊತ್ತಿಗೆ ನಿಮ್ಮ ಡ್ರೈಯರ್ ಕೆಟ್ಟಾಗ ಹುಬ್ಬಳ್ಳಿಯಿಂದ ಬಂದವರು ಅವರೇ. ಜೂನ್ 18ರಂದು ಇಬ್ಬರೂ ನಿಮ್ಮಲ್ಲಿಗೆ ಬರುತ್ತೇವೆ.

ನಿಮ್ಮ ಎರಡು ಕೆಲಸ ಬಾಕಿ ಇವೆ. ಮೇ ತಿಂಗಳಲ್ಲಿ ಕಳಿಸಿದ ಮೋಟಾರಿನ ವಾರಂಟಿ ವಿಷಯ ಫ್ಯಾಕ್ಟರಿಯಲ್ಲಿ ಪರಿಶೀಲನೆಯಲ್ಲಿದೆ, ಜುಲೈ 10ರೊಳಗೆ ಅವರೇ ನಿಮಗೆ ಉತ್ತರ ತಿಳಿಸುತ್ತಾರೆ. ಹೊಸ ಭತ್ತ ಬರುವ ಮುಂಚೆ ಫಿಲ್ಟರ್, ಡ್ರೈಯರ್ ನೋಡಿಕೊಡುತ್ತೇವೆಂದು ನಾನು ಹೇಳಿದ್ದೆ. ಆ ಮಾತು ಹಾಗೆಯೇ ಇದೆ. ಅಕ್ಟೋಬರ್ ಮೊದಲ ವಾರ ಬರುತ್ತಾರೆ, ಅದಕ್ಕೆ ಚಾರ್ಜ್ ಇಲ್ಲ.

ನಮ್ಮ ಬ್ಯಾಂಕ್ ಖಾತೆ, ಬಿಲ್ಲಿಂಗ್ ವಿಳಾಸ ಏನೂ ಬದಲಾಗಿಲ್ಲ.

ಯಾವಾಗ ಬಂದರೂ ಮೊದಲು ಊಟ, ಆಮೇಲೆ ಮಷೀನು ಎನ್ನುತ್ತಿದ್ದಿರಿ. ಇಷ್ಟು ವರ್ಷ ಹಾಗೆ ನೋಡಿಕೊಂಡಿದ್ದಕ್ಕೆ ನಮಸ್ಕಾರ.”

ಇಷ್ಟೇ. ಇದರಲ್ಲಿ ಕಂಪನಿಯ ದೂರದೃಷ್ಟಿಯ ಹೊಗಳಿಕೆ ಇಲ್ಲ, ಸೇವೆಯ ಪಯಣ ಇಲ್ಲ. ಒಂದೊಂದು ಸಾಲೂ ಏಕೆ ಇದೆ ಎಂದು ನೋಡಿ.

ತಲೆಬರಹದಲ್ಲಿ ದಿನಾಂಕವೂ ಕೆಲಸವೂ ಇವೆ. ಗ್ರಾಹಕರು ಈ ಇಮೇಲ್ ಅನ್ನು ಬಂದ ದಿನ ಅರ್ಧ ಓದುತ್ತಾರೆ. ನಿಜವಾಗಿ ಅದನ್ನು ಹುಡುಕುವುದು ಅಕ್ಟೋಬರಿನಲ್ಲಿ, ಕಂಪ್ರೆಸರ್ ಸದ್ದು ಬದಲಿಸಿದಾಗ. ಆಗ ಅವರು ಹುಡುಕುವುದು ‘ಕಂಪ್ರೆಸರ್’ ಎಂದೇ ಹೊರತು ‘ವಿದಾಯ’ ಎಂದಲ್ಲ. ಮೊದಲ ಸಾಲಿನಲ್ಲೇ 60 ತುಂಬಿದ್ದನ್ನು ಹೇಳಿದ್ದು ವಯಸ್ಸಿನ ಪ್ರದರ್ಶನಕ್ಕಲ್ಲ. ಕಾರಣ ಹೇಳದೆ ಕಂಪನಿ ಬಿಡುತ್ತಿದ್ದೇನೆ ಎಂದು ಬರೆದರೆ ಒಳಗೆ ಏನೋ ಜಗಳವಾಗಿದೆ, ಕಂಪನಿಯೇ ಅಲುಗಾಡುತ್ತಿದೆ ಎಂಬ ಗುಮಾನಿ ಹುಟ್ಟುತ್ತದೆ. ಮುಂಗಡ ಕೊಟ್ಟು ಕೂತವರಿಗಂತೂ ನಿದ್ದೆ ಬರುವುದಿಲ್ಲ.

ಹೊಸಬರ ಪರಿಚಯಕ್ಕೆ ಬಳಸಿದ ಮಾತೂ ಗಮನಿಸಬೇಕಾದದ್ದು. “ಅತ್ಯಂತ ಅನುಭವಿ, ದಕ್ಷ” ಎಂದರೆ ಗಿರಣಿ ಮಾಲೀಕರಿಗೆ ಏನೂ ಗೊತ್ತಾಗುವುದಿಲ್ಲ. ದೀಪಾವಳಿಯಲ್ಲಿ ಡ್ರೈಯರ್ ಸರಿಮಾಡಿದವರು ಎಂದರೆ ಓಹೋ ಆ ಹುಡುಗನೇ ಎಂದು ಮುಖ ನೆನಪಾಗುತ್ತದೆ. ಮೊದಲೇ ಭೇಟಿಯಾಗಿಲ್ಲದಿದ್ದರೆ ಅದಕ್ಕೇ ಜೊತೆಯಾಗಿ ಒಮ್ಮೆ ಹೋಗಿ ಬರುವುದು. ಇಮೇಲ್ ಆ ಭೇಟಿಯ ಬದಲಿಗೆ ಅಲ್ಲ, ಅದರ ದಾಖಲೆ.

ಬ್ಯಾಂಕ್ ಖಾತೆಯ ಸಾಲು ಕೆಲವರಿಗೆ ವಿಚಿತ್ರ ಎನಿಸಬಹುದು. ಇಮೇಲ್ ಮೂಲಕ ನಡೆಯುವ ವ್ಯಾಪಾರಿ ಮೋಸದಲ್ಲಿ ಕಳ್ಳರು ಕಾಯುವುದೇ ಇಂಥ ಸಂಧಿಗಾಗಿ. ಹಳಬರು ಹೋದರು, ನಾನು ಹೊಸಬ, ನಮ್ಮ ಖಾತೆ ಬದಲಾಗಿದೆ, ಈ ಸಲದ ಹಣ ಇಲ್ಲಿಗೆ ಹಾಕಿ ಎಂಬ ಒಂದು ಮೇಲ್ ಬಂದರೆ ಹೊಸಬರ ಪರಿಚಯವಿಲ್ಲದ ಅಕೌಂಟೆಂಟ್ ನಂಬಿಬಿಡುತ್ತಾರೆ. ಅದಕ್ಕೇ ಈ ಕಾಗದ ಆಫೀಸಿನ ವಿಳಾಸದಿಂದಲೇ ಹೋಗಬೇಕು. ಬಿಟ್ಟ ಮೇಲೆ ಮನೆಯಿಂದ ಸ್ವಂತ ಜಿಮೇಲ್‌ನಲ್ಲಿ ಗ್ರಾಹಕರಿಗೆ ಬರೆಯುವುದು ಎಷ್ಟು ಪ್ರೀತಿಯಿಂದಾದರೂ ಬೇಡ. ಅದು ಕಳ್ಳರ ಮೇಲ್‌ನಂತೆಯೇ ಕಾಣುತ್ತದೆ. ಹಲವು ಕಂಪನಿಗಳ ನೇಮಕಾತಿ ಪತ್ರದಲ್ಲಿ, ಬಿಟ್ಟ ಮೇಲೆ ಗ್ರಾಹಕರ ಪಟ್ಟಿ ಬಳಸಬಾರದು ಎಂಬ ಷರತ್ತೂ ಇರುತ್ತದೆ.

ಇನ್ನು ಇದರಲ್ಲಿ ಏನಿಲ್ಲ ಎಂಬುದು. “ತಪ್ಪಾಗಿದ್ದರೆ ಕ್ಷಮಿಸಿ” ಎಂಬ ಮಾತಿಲ್ಲ. ನಮ್ಮಲ್ಲಿ ಹೊರಡುವಾಗ ಕ್ಷಮೆ ಕೇಳುವುದು ಸಂಸ್ಕಾರ, ಒಪ್ಪೋಣ. ಆದರೆ ಮೋಟಾರಿನ ವಾರಂಟಿ ಇತ್ಯರ್ಥವಾಗದೆ ಕೂತಿರುವಾಗ ಸರ್ವಿಸ್ ಮ್ಯಾನೇಜರ್ “ನಮ್ಮಿಂದ ತಪ್ಪಾಗಿದೆ” ಎಂಬರ್ಥದ ಸಾಲು ಬರೆದರೆ ನಾಳೆ ಅದನ್ನೇ ಪ್ರಿಂಟ್ ಮಾಡಿ ಮೇಜಿನ ಮೇಲೆ ಇಡುತ್ತಾರೆ. ಹಾಗೆಯೇ “ಸಲಹೆಗಾರನಾಗಿ ಮತ್ತೆ ಬರಬಹುದು, ನೋಡೋಣ” ಎಂಬ ಸುಳಿವೂ ಇಲ್ಲ. ನಿವೃತ್ತರನ್ನು ಕನ್ಸಲ್ಟೆಂಟ್ ಆಗಿ ಮತ್ತೆ ಕರೆಸಿಕೊಳ್ಳುವುದು ಸಾಮಾನ್ಯ. 2011ರ ಆಗಸ್ಟ್‌ನಲ್ಲಿ ಇನ್ಫೋಸಿಸ್‌ನಿಂದ ನಿವೃತ್ತರಾದ ನಾರಾಯಣಮೂರ್ತಿಯವರೇ 2013ರ ಜೂನ್‌ನಲ್ಲಿ ಮತ್ತೆ ಬಂದು ಕೂತರು. ಆದರೆ ಆದೇಶ ಕೈಗೆ ಬರುವ ಮುಂಚೆ ಸುಳಿವು ಕೊಟ್ಟರೆ ಗ್ರಾಹಕರು ಹೊಸಬರಿಗೆ ಫೋನ್ ಮಾಡುವುದಿಲ್ಲ, ನಿಮಗಾಗಿ ಕಾಯುತ್ತಾರೆ.

ಈ ಬಗೆಯ ಕಾಗದ ಆರು ಗ್ರಾಹಕರಿಗೆ ಬೇರೆಬೇರೆಯಾಗಿಯೇ ಹೋಗಬೇಕು, ಏಕೆಂದರೆ ಬಾಕಿ ಕೆಲಸ ಪ್ರತಿಯೊಬ್ಬರದೂ ಬೇರೆ. ಗಿರಣಿಯವರಿಗೆ ಕನ್ನಡದಲ್ಲಿ, ದಾವಣಗೆರೆಯ ಮಿಲ್ಲಿನ ಪರ್ಚೇಸ್ ವಿಭಾಗಕ್ಕೆ ಇಂಗ್ಲಿಷಿನಲ್ಲಿ, ಇಷ್ಟು ವರ್ಷ ಯಾರ ಜೊತೆ ಯಾವ ಭಾಷೆಯಲ್ಲಿ ವ್ಯವಹಾರ ನಡೆಯಿತೋ ಹಾಗೆ. ಉಳಿದ ಮೂವತ್ತನಾಲ್ಕು ಮಂದಿಗೆ ನಾಲ್ಕು ಸಾಲಿನ ಒಂದೇ ಮೇಲ್ ಸಾಕು. ಅದನ್ನು ತಮಗೇ ಕಳಿಸಿಕೊಂಡು, ಹೊಸಬರನ್ನು ಸಿಸಿಯಲ್ಲಿಟ್ಟು, ಗ್ರಾಹಕರನ್ನೆಲ್ಲ ಬಿಸಿಸಿಯಲ್ಲಿ ಹಾಕಬೇಕು. ಬಿಸಿಸಿಯಲ್ಲಿರುವವರ ವಿಳಾಸ ಒಬ್ಬರದು ಇನ್ನೊಬ್ಬರಿಗೆ ಕಾಣುವುದಿಲ್ಲ. ಎಲ್ಲರನ್ನೂ ಬಯಲಲ್ಲಿ ಹಾಕಿದರೆ ಕಂಪನಿಯ ಗ್ರಾಹಕರ ಪಟ್ಟಿಯನ್ನು ಮೂವತ್ತನಾಲ್ಕು ಕಡೆ ಹಂಚಿದಂತಾಯಿತು, ಮತ್ತು ಅವರಲ್ಲಿ ಒಂದೇ ಊರಿನ ಇಬ್ಬರು ಎದುರಾಳಿ ಗಿರಣಿಯವರೂ ಇರುತ್ತಾರೆ.

ಸಹೋದ್ಯೋಗಿಗಳ ಕಾಗದಕ್ಕೆ ಇಷ್ಟೆಲ್ಲ ಲೆಕ್ಕಾಚಾರ ಬೇಡ. ಅದರ ಕಷ್ಟ ಬೇರೆ. ಅಲ್ಲಿ ಕೆಡುವುದು ಹೆಚ್ಚಾಗಿ ಹೆಸರುಗಳಿಂದ. ಇಪ್ಪತ್ತು ಹೆಸರು ಬರೆದರೆ ಇಪ್ಪತ್ತೊಂದನೆಯವರು ಆ ಪಟ್ಟಿಯನ್ನು ಎರಡು ಸಲ ಓದುತ್ತಾರೆ. ಬಿಟ್ಟದ್ದು ಮರೆವಿನಿಂದ ಎಂದು ಅವರು ಒಪ್ಪುವುದಿಲ್ಲ. ಮೇಲಿನವರಿಂದ ಶುರುಮಾಡಿ ಹುದ್ದೆಯ ಪ್ರಕಾರ ಧನ್ಯವಾದ ಹೇಳುವ ಪಟ್ಟಿಯಂತೂ ಸರ್ಕಾರಿ ಆಹ್ವಾನಪತ್ರಿಕೆಯೇ ಸರಿ. ಹೆಸರುಗಳ ಬದಲು ಒಂದು ಘಟನೆ ಬರೆದರೆ ಆ ಘಟನೆಯಲ್ಲಿ ಇದ್ದವರಿಗೂ ಇಲ್ಲದವರಿಗೂ ಅದು ಓದುವಂಥದ್ದಾಗುತ್ತದೆ. ನಮ್ಮ ಮ್ಯಾನೇಜರ್ ಹೀಗೆ ಬರೆಯಬಹುದು:

“ಗೆಳೆಯರೇ, ನಾಳೆ ನನ್ನ ಕೊನೆಯ ದಿನ. ನಾನು ಸೇರಿದಾಗ ಸರ್ವಿಸ್ ಡಿಪಾರ್ಟ್‌ಮೆಂಟ್ ಎಂದರೆ ಒಂದು ಮೇಜು, ಒಂದು ಫೋನು, ಒಂದು ಟೂಲ್ ಬಾಕ್ಸು. ಫೋನ್ ಎತ್ತುವವನೂ ನಾನೇ, ಬಸ್ ಹತ್ತುವವನೂ ನಾನೇ.

ಒಂದು ಮಾತು ಹೇಳಬೇಕು. ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆಯಿಂದ ಒಂದು ಭಾನುವಾರ ಸಂಜೆ ಫೋನ್ ಬಂದಿತ್ತು, ಕಬ್ಬು ಅರೆಯುವುದು ನಿಲ್ಲುವ ಹಾಗಿತ್ತು. ಸ್ಟೋರ್ಸ್‌ನವರು ಮನೆಯಿಂದ ಬಂದು ಬೀಗ ತೆಗೆದು, ವಾಲ್ವ್ ಹುಡುಕಿ, ತಾವೇ ಮೆಜೆಸ್ಟಿಕ್‌ಗೆ ಹೋಗಿ ರಾತ್ರಿ ಬಸ್ಸಿಗೆ ಹಾಕಿಸಿದರು. ಬೆಳಿಗ್ಗೆ ಮಷೀನು ಓಡಿತು. ಕಾರ್ಖಾನೆಯವರು ಮೆಚ್ಚಿ ಬರೆದ ಪತ್ರ ನನ್ನ ಹೆಸರಿಗೆ ಬಂತು. ಅದು ಸ್ಟೋರ್ಸ್‌ನವರಿಗೆ ಸೇರಬೇಕಾದದ್ದು. ಪತ್ರದ ಒಂದು ಪ್ರತಿ ಇವತ್ತು ಅವರ ಮೇಜಿನ ಮೇಲೆ ಇಟ್ಟಿದ್ದೇನೆ.

ಇನ್ನು ತುಮಕೂರಿನ ಮನೆಯಲ್ಲಿ ಇರುತ್ತೇನೆ. ಆ ಕಡೆ ಬಂದರೆ ಕಾಫಿಗೆ ಬನ್ನಿ. ನನ್ನ ಸ್ವಂತ ನಂಬರ್ ಕೆಳಗಿದೆ.”

ಇಲ್ಲಿ ಸಾಧನೆಯ ಪಟ್ಟಿ ಇಲ್ಲ. ತಾನು ಬಂದಾಗ ಇಲಾಖೆ ಹೇಗಿತ್ತು ಎಂದು ಹೇಳಿದರೆ ಸಾಕು, ಈಗ ಹೇಗಿದೆ ಎಂಬುದು ಓದುವವರಿಗೆ ಕಾಣುತ್ತಿರುತ್ತದೆ. ಕಿರಿಯರಿಗೆ ಬುದ್ಧಿಮಾತೂ ಇಲ್ಲ. ಮೂವತ್ತು ವರ್ಷ ಜೊತೆಯಲ್ಲಿ ಕೂತಾಗ ಕಲಿಯದ್ದನ್ನು ಕೊನೆಯ ದಿನದ ಮೂರು ಸಾಲಿನಿಂದ ಯಾರೂ ಕಲಿಯುವುದಿಲ್ಲ. ಪ್ರಮೋಷನ್ ಕೊಡಲಿಲ್ಲ, 2009ರಲ್ಲಿ ನನ್ನ ಮಾತು ಕೇಳಲಿಲ್ಲ ಎಂಬ ಸಿಟ್ಟೂ ಇಲ್ಲ. ಸಿಟ್ಟಿನ ಮೇಲ್ ಮಾತ್ರ ಎಲ್ಲರೂ ಕೊನೆಯವರೆಗೆ ಓದುತ್ತಾರೆ, ಇನ್ನೊಬ್ಬರಿಗೂ ಕಳಿಸುತ್ತಾರೆ. ಗ್ರಾಚ್ಯುಟಿ, ಬಾಕಿ ರಜೆಯ ಹಣ ಇನ್ನೂ ಕೈಗೆ ಬರದಿರುವಾಗ ಅದು ಜಾಣತನವೂ ಅಲ್ಲ. ಯಾರಿಗಾದರೂ ನಿಜವಾಗಿ ನೋವು ಮಾಡಿದ್ದು ನೆನಪಿದ್ದರೆ ಅವರ ಮೇಜಿನ ಹತ್ತಿರ ಹೋಗಿ ಹೇಳಬೇಕು. ಇನ್ನೂರು ಮಂದಿಗೆ ಒಟ್ಟಿಗೆ ಕೇಳಿದ ಕ್ಷಮೆ ಅವರನ್ನು ಮುಟ್ಟುವುದಿಲ್ಲ.

ಇಮೇಲ್ ವಿಳಾಸವೇ ಇಲ್ಲದವರೂ ಇದ್ದಾರೆ. ಗೇಟಿನ ಸೆಕ್ಯುರಿಟಿ, ಕ್ಯಾಂಟೀನಿನವರು, ಹೌಸ್‌ಕೀಪಿಂಗ್‌ನ ಅಮ್ಮಂದಿರು, ಶಾಪ್ ಫ್ಲೋರಿನ ಅರ್ಧಕ್ಕರ್ಧ ಜನ. ಹಲವರು ಗುತ್ತಿಗೆಯವರು, ಕಂಪನಿಯ ಯಾವ ಮೇಲಿಂಗ್ ಲಿಸ್ಟಿನಲ್ಲೂ ಅವರು ಸೇರಿರುವುದಿಲ್ಲ. ಕನ್ನಡದಲ್ಲಿ ಬರೆದ ಕಾಗದದ ಒಂದು ಪ್ರಿಂಟ್ ಕ್ಯಾಂಟೀನಿನ ಬೋರ್ಡಿಗೆ ಅಂಟಿಸಬಹುದು. ನಡೆದು ಹೋಗಿ ಹೇಳಿದರೆ ಇನ್ನೂ ಚೆನ್ನ.

ಇದನ್ನು ಕಳಿಸುವ ಹೊತ್ತು ಕೊನೆಯ ದಿನದ ಸಂಜೆ ಅಲ್ಲ, ಹಿಂದಿನ ದಿನದ ಬೆಳಿಗ್ಗೆ. ಅನೇಕ ಕಂಪನಿಗಳಲ್ಲಿ ಕೊನೆಯ ದಿನ ಲ್ಯಾಪ್‌ಟಾಪ್ ಒಪ್ಪಿಸಿದೊಡನೆ ಐಟಿಯವರು ಇಮೇಲ್ ಖಾತೆ ಮುಚ್ಚುತ್ತಾರೆ. ಐದೂವರೆಗೆ ಕಳಿಸಿದರೆ ಬರುವ ಉತ್ತರಗಳನ್ನು ಓದಲು ನೀವೇ ಇರುವುದಿಲ್ಲ. ಯಾವಾಗಲೋ ಒಮ್ಮೆ ಜಗಳವಾಡಿದ್ದ ಅಕೌಂಟ್ಸ್‌ನವರು ಎರಡು ಸಾಲು ಚೆನ್ನಾಗಿ ಬರೆದಿರುತ್ತಾರೆ, ಅದು ಯಾರೂ ತೆರೆಯದ ಪೆಟ್ಟಿಗೆಯಲ್ಲಿ ಉಳಿಯುತ್ತದೆ.

ಇಲ್ಲೂ ಎಲ್ಲರನ್ನೂ ಬಿಸಿಸಿಯಲ್ಲೇ ಇಡುವುದು ಒಳ್ಳೆಯದು. ಇಲ್ಲವಾದರೆ ಒಬ್ಬರು ‘ಆಲ್ ದಿ ಬೆಸ್ಟ್ ಸಾರ್’ ಎಂದು ಎಲ್ಲರಿಗೂ ಉತ್ತರಿಸುತ್ತಾರೆ, ಅದನ್ನು ನೋಡಿ ಐವತ್ತು ಮಂದಿ ಅದನ್ನೇ ಮಾಡುತ್ತಾರೆ, ಕೊನೆಗೆ ಒಬ್ಬರು ದಯವಿಟ್ಟು ಎಲ್ಲರಿಗೂ ಉತ್ತರಿಸಬೇಡಿ ಎಂದು ಎಲ್ಲರಿಗೂ ಉತ್ತರಿಸುತ್ತಾರೆ. 2016ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಹೀಗೆಯೇ ಆಯಿತು. ಒಂದು ಪರೀಕ್ಷಾ ಮೇಲ್ 8 ಲಕ್ಷಕ್ಕೂ ಹೆಚ್ಚು ಸಿಬ್ಬಂದಿಗೆ ಹೋಗಿ, ಜನ ಎಲ್ಲರಿಗೂ ಉತ್ತರಿಸತೊಡಗಿ, ಇಡೀ ವ್ಯವಸ್ಥೆ ಗಂಟೆಗಟ್ಟಲೆ ತೆವಳಿತು. ನಮ್ಮ ಪೀಣ್ಯದ ಕಾರ್ಖಾನೆಯಲ್ಲಿ ಅಷ್ಟಾಗುವುದಿಲ್ಲ. ಆದರೂ ಬಿಲ್ ಕಳಿಸಲು ಕಾದು ಕೂತವರ ಬೈಗುಳ ತಪ್ಪುವುದಿಲ್ಲ.

ಕೆಳಗೆ ಬರೆದ ಸ್ವಂತ ನಂಬರ್ ನಿಜವಾಗಿ ಸ್ವಂತದ್ದೇ ಎಂದು ಮೊದಲು ನೋಡಿಕೊಳ್ಳಬೇಕು. ಇಪ್ಪತ್ತು ವರ್ಷ ಒಂದೇ ಸಿಮ್ ಬಳಸಿದವರಿಗೆ ಅದು ಕಂಪನಿಯದು ಎಂಬುದೇ ಮರೆತಿರುತ್ತದೆ. ಸಿಮ್ ಒಪ್ಪಿಸಿದ ಮೇಲೆ ಆ ನಂಬರ್ ಜಾಗಕ್ಕೆ ಬಂದವರ ಕೈಗೆ ಹೋಗುತ್ತದೆ, ಆಮೇಲೆ ನಿಮ್ಮ ಬ್ಯಾಂಕಿನ ಒಟಿಪಿಯೂ ಪಿಎಫ್‌ನ ಒಟಿಪಿಯೂ ಅವರಿಗೇ ಬರುತ್ತವೆ. ಒಂದು ತಿಂಗಳು ಮುಂಚೆಯೇ ಹೊಸ ಸಿಮ್ ಕೊಂಡು, ಬ್ಯಾಂಕಿನಲ್ಲಿ, ಆಧಾರ್‌ನಲ್ಲಿ ಬದಲಾಯಿಸಿ, ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿರುವ ನಂಬರ್ ಬದಲಾವಣೆ ಆಯ್ಕೆಯಿಂದ ಖಾತೆಯನ್ನು ಹೊಸದಕ್ಕೆ ಸಾಗಿಸಿಕೊಳ್ಳಬೇಕು. ಆಮೇಲೆ ಮೇಲ್‌ನಲ್ಲಿ ಹಾಕಬೇಕು.

ಕೊನೆಯ ಕೆಲಸ ಲ್ಯಾಪ್‌ಟಾಪ್ ಮುಚ್ಚುವ ಮುಂಚೆ ತಾನಾಗಿ ಹೋಗುವ ಉತ್ತರವೊಂದನ್ನು ಇಡುವುದು: “ನಾನು ಜೂನ್ 30ರಂದು ನಿವೃತ್ತನಾಗಿದ್ದೇನೆ. ಈ ಮೇಲ್ ಯಾರೂ ನೋಡುತ್ತಿಲ್ಲ. ಸರ್ವಿಸ್ ಕೆಲಸಕ್ಕೆ ದಯವಿಟ್ಟು ಕೆಳಗಿನ ವಿಳಾಸಕ್ಕೆ ಬರೆಯಿರಿ.” ಖಾತೆ ಮುಚ್ಚಿದರೆ ಇದೂ ನಿಲ್ಲುತ್ತದೆ. ಆದ್ದರಿಂದ ಇದನ್ನು ಕೆಲವು ವಾರ ನಡೆಸಿಕೊಡಿ ಎಂದು ಐಟಿಯವರನ್ನು ಮೊದಲೇ ಕೇಳಿಕೊಳ್ಳಬೇಕು. ಅದರಲ್ಲಿ ವಿಭಾಗದ ವಿಳಾಸವನ್ನೇ ಕೊಡಿ, ಸ್ವಂತ ನಂಬರ್ ಬೇಡ. ತಾನಾಗಿ ಹೋಗುವ ಉತ್ತರ ಯಾರೇ ಬರೆದರೂ ಹೋಗುತ್ತದೆ, ಲಾಟರಿ ಬಂದಿದೆ ಎಂದು ಮೇಲ್ ಕಳಿಸಿದವನಿಗೂ.